ಸಾಮೂಹಿಕ ವಿವಾಹ: ಅರ್ಜಿ ಹಾಕುವ ಮೊದಲು ನೀವು ಕೇಳುವ ಪ್ರಶ್ನೆಗಳು

ನಮ್ಮ ಟ್ರಸ್ಟಿನ ಸಾಮೂಹಿಕ ವಿವಾಹ ಈ ವರ್ಷವೂ ಮಾಘ ಮಾಸದ ಜಾತ್ರೆಯ ಹೊತ್ತಿಗೆ, ದೇವಸ್ಥಾನದ ಎದುರಿನ ಬಯಲಿನಲ್ಲಿ ನಡೆಯುತ್ತದೆ. ಅರ್ಜಿ ದೇವಸ್ಥಾನದ ಕಚೇರಿಯಲ್ಲಿ ಸಿಗುತ್ತದೆ. ತುಂಬಿದ ಅರ್ಜಿಯನ್ನು ಮುಹೂರ್ತಕ್ಕೆ 45 ದಿನ ಇರುವಾಗಲೇ ಕೊಡಬೇಕು. ನೋಂದಣಿ ಕೌಂಟರಿನಲ್ಲಿ ಕೂತವರಿಗೆ ದಿನವೂ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇವೆ. ಅದರಲ್ಲೂ ವಯಸ್ಸಿನ ದಾಖಲೆಯ ಉತ್ತರವನ್ನು ದಯವಿಟ್ಟು ಪೂರ್ತಿ ಓದಿ. ನಿಂತುಹೋಗುವ ಮದುವೆಗಳಲ್ಲಿ ಹೆಚ್ಚಿನವು ಅಲ್ಲೇ ನಿಲ್ಲುತ್ತವೆ.

ಯಾರು ಅರ್ಜಿ ಹಾಕಬಹುದು?

ಮುಹೂರ್ತದ ದಿನಕ್ಕೆ ಹುಡುಗನಿಗೆ 21, ಹುಡುಗಿಗೆ 18 ವರ್ಷ ಪೂರ್ತಿ ಆಗಿರಬೇಕು. ಇಬ್ಬರಿಗೂ ಮನಸ್ಸಿರಬೇಕು. ಇಬ್ಬರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು. ಜಾತಿ ಯಾವುದಾದರೂ ಸರಿ. ಬೇರೆ ಬೇರೆ ಜಾತಿಯ ಜೋಡಿಗಳೂ ಇದೇ ಚಪ್ಪರದಲ್ಲಿ, ಅದೇ ಸಾಲಿನಲ್ಲಿ ಕೂರುತ್ತಾರೆ.

ನಮ್ಮಲ್ಲಿ ಮದುವೆ ನಡೆಯುವುದು ಹಿಂದೂ ವಿವಾಹ ಕಾಯ್ದೆಯ ಪ್ರಕಾರ. ಬೌದ್ಧ, ಜೈನ, ಸಿಖ್ಖರಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ. ಇಬ್ಬರಲ್ಲಿ ಒಬ್ಬರು ಬೇರೆ ಧರ್ಮದವರಾದರೆ ವಿಶೇಷ ವಿವಾಹ ಕಾಯ್ದೆಯಡಿ ವಿವಾಹ ಅಧಿಕಾರಿಯ ಮುಂದೆ ಮದುವೆಯಾಗಬೇಕು. ಅಲ್ಲಿ 30 ದಿನ ಮೊದಲೇ ನೋಟಿಸ್ ಕೊಡಬೇಕಾಗುತ್ತದೆ. ಅಂಥವರನ್ನು ಹಾಗೇ ವಾಪಸ್ ಕಳಿಸುವುದಿಲ್ಲ. ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು ಅಂತ ಬರೆದುಕೊಡುತ್ತೇವೆ.

ಆದಾಯ ಪ್ರಮಾಣಪತ್ರ, ಬಿಪಿಎಲ್ ಕಾರ್ಡ್ ಬೇಕಾ?

ಬೇಡ. ಮೊದಲು ಕೇಳುತ್ತಿದ್ದೆವು, ನಿಲ್ಲಿಸಿದೆವು. ಮಗಳ ಮದುವೆಗೆ ಅಂತ ಬಂದ ತಂದೆ ಎಲ್ಲರೆದುರು ತನ್ನ ಬಡತನಕ್ಕೆ ಸಾಕ್ಷಿ ತೋರಿಸಬೇಕಾದ ಪರಿಸ್ಥಿತಿ ನಮಗೇ ಸರಿ ಕಾಣಲಿಲ್ಲ. ಸಾಲ ಮಾಡಿ ಅದ್ದೂರಿ ಮದುವೆ ಮಾಡುವುದು ಬೇಡ ಅಂತ ಸ್ವಂತ ಇಷ್ಟದಿಂದ ಬರುವ ಸ್ಥಿತಿವಂತರೂ ಇದ್ದಾರೆ. ಅವರೂ ಬರಲಿ. ಆಗ ಈ ಚಪ್ಪರದಲ್ಲಿ ಕೂತವರು ಯಾರು ಬಡವರು, ಯಾರು ಅಲ್ಲ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ.

ಯಾವ ಯಾವ ದಾಖಲೆ ತರಬೇಕು?

ಇಬ್ಬರ ವಯಸ್ಸಿನ ದಾಖಲೆ, ಗುರುತಿಗೆ ಆಧಾರ್, ವಿಳಾಸಕ್ಕೆ ಪಡಿತರ ಚೀಟಿ ಅಥವಾ ಮತದಾರರ ಗುರುತಿನ ಚೀಟಿ, ಇಬ್ಬರದೂ ಆರಾರು ಪಾಸ್‌ಪೋರ್ಟ್ ಅಳತೆಯ ಫೋಟೊ. ಇದರ ಜೊತೆಗೆ ಅವಿವಾಹಿತರು ಅಂತ ಗ್ರಾಮ ಪಂಚಾಯ್ತಿಯಿಂದಲೋ ನಗರಸಭೆಯಿಂದಲೋ ಒಂದು ಪತ್ರ. ಎರಡೂ ಕಡೆಯಿಂದ ಇಬ್ಬಿಬ್ಬರು ಹಿರಿಯರು ಸಹಿ ಹಾಕಲು ಬರಬೇಕು. ಹೆಬ್ಬೆಟ್ಟು ಆದರೂ ಆಗುತ್ತದೆ. ಎಲ್ಲದರ ಎರಡು ಜೆರಾಕ್ಸ್ ಇರಲಿ, ಮೂಲ ಪ್ರತಿಯೂ ಕೈಯಲ್ಲಿರಲಿ. ಮೂಲ ಪ್ರತಿ ನೋಡಿ ಅಲ್ಲೇ ವಾಪಸ್ ಕೊಡುತ್ತೇವೆ, ಇಟ್ಟುಕೊಳ್ಳುವುದಿಲ್ಲ.

ಆಧಾರ್‌ನಲ್ಲೇ ಜನ್ಮ ದಿನಾಂಕ ಇದೆಯಲ್ಲ, ಬೇರೆ ವಯಸ್ಸಿನ ದಾಖಲೆ ಯಾಕೆ?

ಆಧಾರ್ ಇರುವುದು ನೀವು ಯಾರು ಅಂತ ಹೇಳಲು. ನೀವು ಯಾವತ್ತು ಹುಟ್ಟಿದಿರಿ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ ಅಂತ ಆಧಾರ್ ಪ್ರಾಧಿಕಾರವೇ ಹೇಳಿದೆ. ಆಧಾರ್ ಮಾಡಿಸುವಾಗ ಹುಟ್ಟಿದ ದಿನಾಂಕ ಗೊತ್ತಿಲ್ಲ ಅಂದವರಿಗೆ ಅಂದಾಜಿನ ವರ್ಷ ಹಾಕಿ ಜನವರಿ 1 ಅಂತ ಬರೆದಿರುತ್ತಾರೆ. ಅದಕ್ಕೇ 01-01 ಅಂತ ಕಂಡರೆ ನಾವು ಇನ್ನೊಂದು ದಾಖಲೆ ಕೇಳಿಯೇ ಕೇಳುತ್ತೇವೆ.

ನಾವು ಒಪ್ಪುವುದು ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲೆಯ ವರ್ಗಾವಣೆ ಪತ್ರ, ಅಂದರೆ ಟಿಸಿ. ಹತ್ತನೇ ತರಗತಿಗೆ ಮೊದಲೇ ಶಾಲೆ ಬಿಟ್ಟಿದ್ದರೆ ಕಲಿತ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕೇಳಿ. ಒಂದನೇ ತರಗತಿಗೆ ಸೇರಿದಾಗ ದಾಖಲಾತಿ ರಿಜಿಸ್ಟರಿನಲ್ಲಿ ಬರೆದ ದಿನಾಂಕವನ್ನು ನೋಡಿ ಅವರು ಸಹಿ, ಮೊಹರು ಹಾಕಿ ಕೊಡುತ್ತಾರೆ. ಮದುವೆಯ ಮಾತೇ ಇಲ್ಲದ ಕಾಲದಲ್ಲಿ ಬರೆದ ದಿನಾಂಕ ಅದು. ಹಾಗಾಗಿ ನಾವು ಅದನ್ನು ಜಾಸ್ತಿ ನಂಬುತ್ತೇವೆ.

ಖಾಸಗಿ ಡಾಕ್ಟರ್ ಬರೆದುಕೊಟ್ಟ ವಯಸ್ಸಿನ ಚೀಟಿ ನಡೆಯುವುದಿಲ್ಲ. ಮೂಳೆಯ ಎಕ್ಸ್‌ರೇ ನೋಡಿ ಹೇಳುವ ವಯಸ್ಸು ಬರೀ ಅಂದಾಜು, ಒಂದೆರಡು ವರ್ಷ ಆಚೀಚೆ ಆಗಬಹುದು. ಹದಿನೇಳೋ ಹದಿನೆಂಟೋ ಅನ್ನುವ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಜನನ ನೋಂದಣಿಯೇ ಆಗಿಲ್ಲದಿದ್ದರೆ ಈಗಲೂ ಮಾಡಿಸಬಹುದು. ಆದರೆ ಹುಟ್ಟಿ ಒಂದು ವರ್ಷ ದಾಟಿದ ಮೇಲೆ ಅದಕ್ಕೆ ಮೇಲಧಿಕಾರಿಯ ಆದೇಶ ಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಆದ್ದರಿಂದ ಹುಡುಗಿ ನೋಡುವ ಶಾಸ್ತ್ರ ಮುಗಿದ ಮಾರನೇ ದಿನವೇ ವಯಸ್ಸಿನ ಕಾಗದ ಹುಡುಕಲು ಶುರು ಮಾಡಿ. ಲಗ್ನಪತ್ರಿಕೆ ಅಚ್ಚಿಗೆ ಕೊಡುವುದು ಆಮೇಲೆ ಇರಲಿ.

ಎರಡು ಮೂರು ತಿಂಗಳು ಕಡಿಮೆ ಇದ್ದರೆ ಹೊಂದಿಸಿಕೊಳ್ಳುತ್ತೀರಾ?

ಇಲ್ಲ. ಒಂದು ದಿನ ಕಡಿಮೆ ಇದ್ದರೂ ಇಲ್ಲ. ಯಾಕೆ ಅಂತ ಒಂದು ಮನೆಯ ವಿಷಯ ಇಟ್ಟುಕೊಂಡು ಹೇಳುತ್ತೇವೆ. ಗುರುತು ಸಿಗಬಾರದು ಅಂತ ದಿನಾಂಕಗಳನ್ನು ಸ್ವಲ್ಪ ಬದಲಿಸಿದ್ದೇವೆ.

2024ರ ಫೆಬ್ರವರಿಯ ಮದುವೆಗೆ ಒಂದು ಅರ್ಜಿ ಬಂತು. ಹುಡುಗಿಯ ಆಧಾರ್‌ನಲ್ಲಿ 01-01-2005 ಅಂತ ಇತ್ತು. ಆ ಲೆಕ್ಕದಲ್ಲಿ ಅವಳಿಗೆ 19 ತುಂಬಿದೆ. 01-01 ಕಂಡ ಕಾರಣಕ್ಕೆ ಟಿಸಿ ಕೇಳಿದೆವು. ಕಳೆದುಹೋಗಿದೆ ಅಂದರು. ಶಾಲೆಯಿಂದ ರಿಜಿಸ್ಟರಿನ ನಕಲು ತರಿಸಿದಾಗ ಅದರಲ್ಲಿ 20-05-2006 ಅಂತ ಇತ್ತು. ಅಂದರೆ ಮುಹೂರ್ತದ ಹೊತ್ತಿಗೆ 18 ತುಂಬಲು ಇನ್ನೂ ಮೂರು ತಿಂಗಳು ಬಾಕಿ. ಆ ತಂದೆ ಸುಳ್ಳು ಹೇಳಿರಲಿಲ್ಲ. ಮಗಳು ಹುಟ್ಟಿದ ದಿನಾಂಕ ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಆಧಾರ್ ಕಾರ್ಡನ್ನೇ ನಂಬಿಕೊಂಡಿದ್ದರು. ಅಷ್ಟರಲ್ಲಿ ನೆಂಟರಿಗೆಲ್ಲ ಹೇಳಿಯಾಗಿತ್ತು.

ಮಾಡಿಬಿಟ್ಟಿದ್ದರೆ ಏನಾಗುತ್ತಿತ್ತು? ಕರ್ನಾಟಕದಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಕಾನೂನಿನ ಕಣ್ಣಿಗೆ ಆ ಮದುವೆ ನಡೆದೇ ಇಲ್ಲ. ನಾಳೆ ಗಂಡ ಕೈಬಿಟ್ಟರೆ ತಾನು ಹೆಂಡತಿ ಅಂತ ಹೇಳಿಕೊಳ್ಳುವುದಕ್ಕೂ ಆ ಹುಡುಗಿ ಕಷ್ಟಪಡಬೇಕು. ಮದುವೆ ಮಾಡಿಸಿದವರು, ಮಾಡಿಕೊಟ್ಟವರು, ಮದುವೆಯಾದ ವಯಸ್ಕ ಹುಡುಗ ಎಲ್ಲರ ಮೇಲೂ ಕೇಸು. 2 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ತಿಳಿದವರು ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿದರೆ ಅಧಿಕಾರಿಗಳು ನೇರವಾಗಿ ಚಪ್ಪರಕ್ಕೇ ಬರುತ್ತಾರೆ. ಬಾಸಿಂಗ ಕಟ್ಟಿಕೊಂಡ ಮಗಳನ್ನು ಹಸೆಮಣೆಯಿಂದ ಎಬ್ಬಿಸಿ ಕರೆದುಕೊಂಡು ಹೋಗುವುದನ್ನು ಯಾವ ತಾಯಿಯೂ ನೋಡುವಂತಾಗಬಾರದು.

ನಾವು ಹುಡುಗನ ಕಡೆಯವರನ್ನೂ ಕರೆಸಿ ಒಳಗಿನ ಕೋಣೆಯಲ್ಲಿ ಮಾತಾಡಿದೆವು. ಹುಡುಗಿಯದು ಏನೂ ತಪ್ಪಿಲ್ಲ, ಸಂಬಂಧದಲ್ಲೂ ತೊಂದರೆ ಇಲ್ಲ, ಕಾಗದದ ಪ್ರಕಾರ ವಯಸ್ಸು ತುಂಬಬೇಕು ಅಷ್ಟೇ ಅಂತ ಟ್ರಸ್ಟಿನ ಹಿರಿಯರೇ ಹೇಳಿದರು. ಈ ಮಾತನ್ನು ಬೀಗರ ಎದುರು ನಮ್ಮ ಬಾಯಿಂದಲೇ ಹೇಳುವುದು ಮುಖ್ಯ. ಇಲ್ಲದಿದ್ದರೆ ಮದುವೆ ನಿಂತದ್ದಕ್ಕೆ ಊರಲ್ಲಿ ಹತ್ತು ಕಾರಣ ಹುಟ್ಟುತ್ತವೆ, ಎಲ್ಲವೂ ಹುಡುಗಿಯ ಮೇಲೇ ಬರುತ್ತವೆ. ಅವರ ಅರ್ಜಿಯನ್ನು ತಿರಸ್ಕರಿಸದೆ ಮುಂದಿನ ವರ್ಷದ ಪಟ್ಟಿಗೆ ಸೇರಿಸಿ ರಸೀದಿ ಕೊಟ್ಟೆವು. 2025ರ ಫೆಬ್ರವರಿಯಲ್ಲಿ ಅದೇ ಜೋಡಿ ಹಸೆಮಣೆ ಏರಿತು. ಆ ನಡುವಿನ ವರ್ಷದಲ್ಲಿ ಹುಡುಗಿ ಹೊಲಿಗೆ ಕಲಿತಿದ್ದಳು.

ಅಕ್ಕನ ಮಗಳನ್ನು ತಂದುಕೊಳ್ಳುತ್ತಿದ್ದೇವೆ, ಇದಕ್ಕೆ ಕಾನೂನಿನ ಅಡ್ಡಿ ಇದೆಯಾ?

ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಂಬಂಧದ ಮದುವೆಗಳನ್ನು ತಡೆಯುತ್ತದೆ. ಆದರೆ ಇಬ್ಬರ ಮನೆತನದಲ್ಲೂ ಆ ರೂಢಿ ಹಿಂದಿನಿಂದ ನಡೆದುಬಂದಿದ್ದರೆ ಬಿಡುತ್ತದೆ. ನಮ್ಮ ಕಡೆ ಅಕ್ಕನ ಮಗಳು, ಸೋದರತ್ತೆಯ ಮಗಳು, ಸೋದರಮಾವನ ಮಗಳನ್ನು ತರುವ ಪದ್ಧತಿ ಅನೇಕ ಸಮುದಾಯಗಳಲ್ಲಿ ಇದೆ. ಹಾಗಾಗಿ ಅರ್ಜಿಯಲ್ಲಿ ಸಂಬಂಧವನ್ನು ಮುಚ್ಚಿಡದೆ ಬರೆಯಿರಿ. ನಿಮ್ಮಲ್ಲಿ ರೂಢಿ ಇಲ್ಲದಿದ್ದರೆ ನಾವು ಒಪ್ಪುವುದಿಲ್ಲ. ಇನ್ನೊಂದು ಮಾತು, ಇಂಥ ಮದುವೆಗಳಲ್ಲಿ ಹುಡುಗಿಯನ್ನು ಯಾರೂ ಕೇಳಿಯೇ ಇರುವುದಿಲ್ಲ. ನಾವು ಕೇಳುತ್ತೇವೆ.

ಹುಡುಗಿಯ ಜೊತೆ ಬೇರೆಯಾಗಿ ಮಾತಾಡುತ್ತೀರಂತೆ, ನಮ್ಮ ಮೇಲೆ ನಂಬಿಕೆ ಇಲ್ವಾ?

ನಂಬಿಕೆಯ ಪ್ರಶ್ನೆ ಅಲ್ಲ. ಹುಡುಗ, ಹುಡುಗಿ ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡುತ್ತೇವೆ, ಪ್ರತಿ ಜೋಡಿಗೂ ಇದೇ ಕ್ರಮ. ಹುಡುಗಿಯರ ಜೊತೆ ನಮ್ಮ ಮಹಿಳಾ ಕಾರ್ಯಕರ್ತೆಯರೇ ಕೂರುತ್ತಾರೆ. ಹತ್ತು ನಿಮಿಷದ ಮಾತು. ಹುಡುಗನನ್ನು ನೋಡಿದ್ದೀಯಾ, ಮಾತಾಡಿದ್ದೀಯಾ, ಅವನು ಏನು ಕೆಲಸ ಮಾಡುತ್ತಾನೆ ಗೊತ್ತಾ, ನಿನಗೆ ಒಪ್ಪಿಗೆ ಇದೆಯಾ ಅಂತ ಕೇಳುತ್ತಾರೆ. ಎಷ್ಟು ಓದಿದೆ, ಯಾವ ವರ್ಷ ಶಾಲೆ ಬಿಟ್ಟೆ ಅಂತಲೂ ಕೇಳುತ್ತಾರೆ. ಏಳನೇ ತರಗತಿ ಮುಗಿಸಿದ ವರ್ಷ ಹೇಳಿದರೆ ವಯಸ್ಸಿನ ಲೆಕ್ಕ ತಾನಾಗಿ ಸಿಗುತ್ತದೆ. ಕಾಗದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಮತ್ತೆ ಪರಿಶೀಲಿಸುತ್ತೇವೆ.

ಹುಡುಗಿ ಬೇಡ ಅಂದರೆ ಆ ಮಾತನ್ನು ಹೊರಗೆ ಬಂದು ಹೇಳುವುದಿಲ್ಲ. ಹಾಗೆ ಹೇಳಿದರೆ ಮನೆಗೆ ಹೋದ ಮೇಲೆ ಅವಳ ಗತಿ ಏನು? ಅರ್ಜಿ ಈ ಸಲ ಆಗುವುದಿಲ್ಲ ಅಂತ ಮಾತ್ರ ತಿಳಿಸಿ, ಆ ಮೇಲೆ ಮನೆಯ ಹಿರಿಯರಲ್ಲಿ ಅವಳು ನಂಬುವವರ ಜೊತೆ ಮಾತಾಡುತ್ತೇವೆ. ಯಾರ ಜೊತೆ ಮಾತಾಡಬೇಕು ಅಂತ ಅವಳನ್ನೇ ಕೇಳುತ್ತೇವೆ.

ಇದು ಎರಡನೇ ಮದುವೆ. ಊರಿನ ಪಂಚರು ಬಿಡುಗಡೆ ಪತ್ರ ಬರೆದುಕೊಟ್ಟಿದ್ದಾರೆ, ಸಾಕಾ?

ಸಾಕಾಗುವುದಿಲ್ಲ. ಸ್ಟಾಂಪ್ ಪೇಪರ್ ಮೇಲೆ ಇಬ್ಬರೂ ಸಹಿ ಹಾಕಿ ನೋಟರಿ ಮಾಡಿಸಿದ್ದರೂ ಸಾಕಾಗುವುದಿಲ್ಲ. ಕೆಲವು ಸಮುದಾಯಗಳ ರೂಢಿಯ ಬಿಡುಗಡೆಯನ್ನು ಕಾನೂನು ಒಪ್ಪುತ್ತದೆ ನಿಜ, ಆದರೆ ನಿಮ್ಮಲ್ಲಿ ಅಂಥ ರೂಢಿ ಇದೆಯೋ ಇಲ್ಲವೋ ತೀರ್ಮಾನಿಸುವುದು ಕೋರ್ಟಿನ ಕೆಲಸ. ನಮಗೆ ಬೇಕಿರುವುದು ಕೋರ್ಟಿನ ವಿಚ್ಛೇದನ ಡಿಕ್ರಿಯ ದೃಢೀಕೃತ ಪ್ರತಿ. ಡಿಕ್ರಿ ಬಂದ ತಕ್ಷಣವೂ ಮದುವೆಯಾಗುವಂತಿಲ್ಲ. ಮೇಲ್ಮನವಿಗೆ ಇರುವ 90 ದಿನ ಕಳೆಯಬೇಕು, ಮೇಲ್ಮನವಿ ಹಾಕಿದ್ದರೆ ಅದು ಮುಗಿಯಬೇಕು. ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ತನ್ನಿ.

ವಿಧವೆಯರ ಮರುಮದುವೆಗೆ ಪ್ರತ್ಯೇಕ ಸಾಲು, ಪ್ರತ್ಯೇಕ ಹೊತ್ತು ಯಾವುದೂ ಇಲ್ಲ. ಎಲ್ಲರ ಜೊತೆಯಲ್ಲೇ, ಅದೇ ಮುಹೂರ್ತದಲ್ಲಿ.

ನಮ್ಮ ಹೆಸರನ್ನು ಬೋರ್ಡಿನಲ್ಲಿ ಯಾಕೆ ಹಾಕುತ್ತೀರಿ?

ಯಾರಿಗಾದರೂ ಆಕ್ಷೇಪಣೆ ಇದ್ದರೆ ಮೊದಲೇ ಗೊತ್ತಾಗಲಿ ಅಂತ. ಮೊದಲ ಹೆಂಡತಿ ಇರುವುದನ್ನು ಮುಚ್ಚಿಟ್ಟು ಬಂದವರು ಸಿಕ್ಕಿಬೀಳುವುದು ಹೀಗೇ. ಇಬ್ಬರ ಹೆಸರು, ತಂದೆ ತಾಯಿಯ ಹೆಸರು, ಊರು ಇಷ್ಟನ್ನು 15 ದಿನ ಹಾಕುತ್ತೇವೆ. ಫೋಟೊ, ಜಾತಿ, ಫೋನ್ ನಂಬರ್ ಹಾಕುವುದಿಲ್ಲ.

ಸಹಿ ಇಲ್ಲದ ಪತ್ರಗಳೂ ಬರುತ್ತವೆ. ಅದರಲ್ಲಿ ಹೆಚ್ಚಿನವು ಹಳೆಯ ಜಗಳದ ಸಿಟ್ಟು. ಆದರೂ ವಯಸ್ಸು ಅಥವಾ ಹಿಂದಿನ ಮದುವೆಯ ವಿಷಯ ಬರೆದಿದ್ದರೆ ಮಾತ್ರ ದಾಖಲೆ ಇಟ್ಟುಕೊಂಡು ನೋಡುತ್ತೇವೆ. ಹುಡುಗಿಯ ನಡತೆಯ ಬಗ್ಗೆ ಬರೆದ ಪತ್ರವನ್ನು ಯಾರಿಗೂ ತೋರಿಸುವುದಿಲ್ಲ, ಹರಿದು ಹಾಕುತ್ತೇವೆ.

ಅಪ್ಪ ಅಮ್ಮ ಒಪ್ಪಿಲ್ಲ, ನಾವಿಬ್ಬರೂ ವಯಸ್ಸಿಗೆ ಬಂದವರು. ಬರಬಹುದಾ?

ಕಾನೂನಿನ ಪ್ರಕಾರ ನಿಮಗೆ ಅವರ ಒಪ್ಪಿಗೆ ಬೇಕಿಲ್ಲ. ನಮ್ಮ ಕಾರ್ಯಕ್ರಮ ಮಾತ್ರ ಎರಡೂ ಮನೆಯವರು ಬಂದು ನಡೆಸಿಕೊಡುವ ಮದುವೆ, ಹಾಗಾಗಿ ಹಿರಿಯರ ಸಹಿ ಕೇಳುತ್ತೇವೆ. ಅಪ್ಪ ಅಮ್ಮನೇ ಆಗಬೇಕೆಂದಿಲ್ಲ. ಸೋದರಮಾವ, ಚಿಕ್ಕಪ್ಪ, ಅಜ್ಜಿ, ಅಣ್ಣ ಯಾರಾದರೂ ಆದೀತು. ನೀವು ಬಯಸಿದರೆ ಟ್ರಸ್ಟಿನ ಹಿರಿಯರು ಒಂದು ಸಲ ಮನೆಗೆ ಬಂದು ಮಾತಾಡುತ್ತಾರೆ. ನೀವು ಬೇಡ ಅಂದರೆ ಮನೆಗೆ ಸುದ್ದಿ ಮುಟ್ಟಿಸುವುದಿಲ್ಲ.

ವರದಕ್ಷಿಣೆ ಇಲ್ಲ ಅಂತ ಬರೆದುಕೊಡಬೇಕಂತೆ. ಮಗಳಿಗೆ ಪ್ರೀತಿಯಿಂದ ಕೊಡುವುದೂ ತಪ್ಪಾ?

ಕೇಳಿ ತೆಗೆದುಕೊಳ್ಳುವುದು, ಕೇಳಿದ್ದಕ್ಕೆ ಕೊಡುವುದು ಎರಡೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಅಪರಾಧ. ಯಾರೂ ಕೇಳದೆ, ನಿಮ್ಮ ಶಕ್ತಿಗೆ ತಕ್ಕಂತೆ ಕೊಟ್ಟ ಉಡುಗೊರೆಗೆ ಅಡ್ಡಿ ಇಲ್ಲ. ಆದರೆ ಅದರ ಪಟ್ಟಿ ಮಾಡಿ ಹುಡುಗ, ಹುಡುಗಿ ಇಬ್ಬರೂ ಸಹಿ ಹಾಕಬೇಕು ಅಂತ ನಿಯಮ ಇದೆ. ಏನು, ಯಾರು ಕೊಟ್ಟರು, ಅಂದಾಜು ಬೆಲೆ ಎಷ್ಟು ಅಂತ ಬರೆಯುವ ಒಂದು ಹಾಳೆ ಅರ್ಜಿಯ ಜೊತೆಗೇ ಇದೆ. ಹುಡುಗಿಯ ತಾಯಂದಿರಲ್ಲಿ ನಮ್ಮ ಕೋರಿಕೆ, ಸಂಕೋಚ ಪಡದೆ ಆ ಹಾಳೆ ತುಂಬಿಸಿ. ನಾಳೆ ಆ ಬಂಗಾರ ಯಾರದು ಅನ್ನುವ ಮಾತು ಬಂದಾಗ ನಿಮ್ಮ ಮಗಳ ಕೈಯಲ್ಲಿ ಇರುವುದು ಅದೊಂದೇ.

ಟ್ರಸ್ಟಿನಿಂದ ಏನು ಸಿಗುತ್ತದೆ? ಸರ್ಕಾರದ ಹಣ ಬರುತ್ತದಾ?

ತಾಳಿ, ಕಾಲುಂಗುರ, ವಧುವಿಗೆ ಸೀರೆ ಕುಪ್ಪಸ, ವರನಿಗೆ ಪಂಚೆ ಶರ್ಟು ಶಲ್ಯ, ಬಾಸಿಂಗ, ಹೂವಿನ ಹಾರ, ಪುರೋಹಿತರು, ಊಟ. ಸೀರೆಯ ಬಣ್ಣವನ್ನು ವಧುವೇ ಆರಿಸಿಕೊಳ್ಳುತ್ತಾಳೆ. ಎಲ್ಲರಿಗೂ ಒಂದೇ ಬಣ್ಣ ಕೊಟ್ಟಾಗ ಸಾಲಿಗೆ ನಿಂತ ಶಾಲೆಯ ಮಕ್ಕಳಂತೆ ಕಾಣುತ್ತಿದ್ದರು, ಅದನ್ನು ಬಿಟ್ಟೆವು. ತಾಳಿಯ ಮಾದರಿ ನಿಮ್ಮ ಮನೆತನದ್ದೇ ಆಗಬೇಕಿದ್ದರೆ ಅರ್ಜಿಯಲ್ಲೇ ಬರೆಯಿರಿ. ಮನೆಯಿಂದ ತಂದ ತಾಳಿಯನ್ನೂ ಕಟ್ಟಬಹುದು.

ಪರಿಶಿಷ್ಟ ಜಾತಿ, ಪಂಗಡದ ಜೋಡಿಗಳು ಸರಳ ಸಾಮೂಹಿಕ ವಿವಾಹದಲ್ಲಿ ಮದುವೆಯಾದರೆ ಸರ್ಕಾರದ 50,000 ರೂಪಾಯಿ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಬಹುದು. ಆ ಅರ್ಜಿ ಬೇರೆ, ಅದನ್ನು ಮದುವೆಯ ನಂತರ ನೀವೇ ಇಲಾಖೆಗೆ ಕೊಡಬೇಕು. ಬೇಕಾದ ನಮ್ಮ ಪತ್ರವನ್ನು ಕೊಡುತ್ತೇವೆ. ಆ ಹಣದಲ್ಲಿ ಟ್ರಸ್ಟಿಗೆ ಒಂದು ಪೈಸೆಯೂ ಸೇರುವುದಿಲ್ಲ. ಯಾರಾದರೂ ಕಮಿಷನ್ ಕೇಳಿದರೆ ನೇರ ಕಚೇರಿಗೆ ಬಂದು ಹೇಳಿ. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ನಡೆಯುವ ‘ಸಪ್ತಪದಿ’ ಬೇರೆ ಯೋಜನೆ, ನಮ್ಮದು ಅದಲ್ಲ.

ಇಂಥ ಕಡೆ ಮದುವೆ ಮಾಡಿದರೆ ಊರವರು ಆಡಿಕೊಳ್ಳುವುದಿಲ್ವಾ?

ಈ ಪ್ರಶ್ನೆಯನ್ನು ಜನ ಹೊರಡುವಾಗ, ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳುತ್ತಾರೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಅಲ್ಲಿ ಮದುವೆಯಾದವರ ಮೊಮ್ಮಕ್ಕಳೇ ಈಗ ಮದುವೆಯ ವಯಸ್ಸಿಗೆ ಬಂದಿರಬಹುದು. ಅಷ್ಟು ಹಳೆಯ, ಗೌರವದ ಪದ್ಧತಿ ಇದು.

ಆದರೆ ಗೌರವ ಉಳಿಯುವುದು ನಾವು ನಡೆಸುವ ರೀತಿಯಿಂದ. ಇದರಲ್ಲಿ ನಮ್ಮಿಂದಲೂ ತಪ್ಪಾಗಿದೆ. ಒಂದು ವರ್ಷ ಮೈಕಿನಲ್ಲಿ ‘37ನೇ ನಂಬರಿನ ಜೋಡಿ, ದಾಖಲೆ ಸರಿಯಿಲ್ಲ, ಕೂಡಲೇ ಕಚೇರಿಗೆ ಬನ್ನಿ’ ಅಂತ ಕೂಗಿಬಿಟ್ಟೆವು. ಕಾಣೆಯಾದದ್ದು ಬರೀ ಒಂದು ಫೋಟೊ. ಆ ಹುಡುಗಿಯ ತಂದೆ ಸಾವಿರ ಜನರ ನಡುವೆ ಎದ್ದು ಬರುವಾಗ ತಲೆ ಎತ್ತಲಿಲ್ಲ. ಅವತ್ತಿನಿಂದ ಮೈಕಿನಲ್ಲಿ ಜೋಡಿಗಳ ವಿಷಯ ಮಾತಾಡುವುದಿಲ್ಲ. ಹತ್ತು ಜೋಡಿಗೆ ಒಬ್ಬ ಕಾರ್ಯಕರ್ತರು ಇರುತ್ತಾರೆ, ಅವರೇ ಹತ್ತಿರ ಬಂದು ‘ಯಜಮಾನರೇ, ಒಂದು ನಿಮಿಷ ಬರ್ತೀರಾ’ ಅಂತ ಕರೆಯುತ್ತಾರೆ.

ಬ್ಯಾನರಿನಲ್ಲಿ ‘ಬಡವರ ಮದುವೆ’ ಅಂತ ಎಲ್ಲೂ ಬರೆಯುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಪ್ರತಿ ಜೋಡಿಯ ಹೆಸರು, ತಂದೆ ತಾಯಿಯ ಹೆಸರು ಇರುತ್ತದೆ, ದಾನಿಗಳ ಹೆಸರು ಕೊನೆಯ ಪುಟದಲ್ಲಿ. ತಾಳಿ, ಸೀರೆಯನ್ನು ವೇದಿಕೆಗೆ ಕರೆದು, ಕೈಗೆ ಕೊಟ್ಟು ಫೋಟೊ ತೆಗೆಸುವ ಪದ್ಧತಿ ಇಲ್ಲ. ಹಿಂದಿನ ದಿನವೇ ಚೀಲದಲ್ಲಿಟ್ಟು ತಾಯಿಯ ಕೈಗೆ ಕೊಡುತ್ತೇವೆ. ಗಣ್ಯರ ಭಾಷಣ ಮುಹೂರ್ತಕ್ಕೆ ಮೊದಲೇ ಮುಗಿಯಬೇಕು. ಯಾರಿಗಾಗಿಯೂ ಮುಹೂರ್ತ ಕಾಯುವುದಿಲ್ಲ. ಧಾರೆ ಎರೆಯುವುದು ನೀವೇ, ನಿಮ್ಮ ಕೈಯಿಂದಲೇ. ಗಂಡನನ್ನು ಕಳೆದುಕೊಂಡ ತಾಯಿ ಒಬ್ಬಳೇ ಧಾರೆ ಎರೆಯಬಹುದು. ನಮ್ಮ ಪುರೋಹಿತರಿಗೆ ಇದನ್ನು ಮೊದಲೇ ಹೇಳಿರುತ್ತೇವೆ, ಅಲ್ಲಿ ಯಾರೂ ಅವರನ್ನು ಹಿಂದೆ ಸರಿ ಅನ್ನುವುದಿಲ್ಲ.

ಎಷ್ಟು ಜನ ನೆಂಟರನ್ನು ಕರೆತರಬಹುದು?

ಒಂದು ಜೋಡಿಗೆ ಎರಡೂ ಕಡೆ ಸೇರಿ 50 ಜನ. ಇನ್ನೂ ಹತ್ತು ಜನ ಜಾಸ್ತಿ ಬಂದರೆ ಊಟವಿಲ್ಲದೆ ಕಳಿಸುವುದಿಲ್ಲ, ಆದರೆ ಚಪ್ಪರದೊಳಗೆ ಜಾಗ ಸಾಲುವುದಿಲ್ಲ. ಕುಡಿದು ಬಂದವರನ್ನು ಒಳಗೆ ಬಿಡುವುದಿಲ್ಲ, ವರನೇ ಆಗಿದ್ದರೆ ಮದುವೆ ನಡೆಯುವುದಿಲ್ಲ.

ಟ್ರಸ್ಟ್ ಕೊಡುವ ಪತ್ರವೇ ಮದುವೆ ಸರ್ಟಿಫಿಕೇಟಾ?

ಅಲ್ಲ. ನಾವು ಕೊಡುವುದು ಮದುವೆ ಇಲ್ಲಿ ನಡೆದಿದೆ ಅನ್ನುವ ಪತ್ರ ಮಾತ್ರ. ಸರ್ಕಾರದ ಪ್ರಮಾಣಪತ್ರ ಬೇಕಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಅದಕ್ಕೆ ಲಗ್ನಪತ್ರಿಕೆ, ಜೋಡಿಯ ಮದುವೆ ಫೋಟೊ, ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಬೇಕು. ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಮೂಲಕವೂ ಅರ್ಜಿ ಹಾಕಬಹುದು.

ಇಲ್ಲೂ ಒಂದು ಸಣ್ಣ ವಿಷಯ ಜನರನ್ನು ಓಡಾಡಿಸುತ್ತದೆ. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಶಾಲೆಯ ಹೆಸರು ಇದ್ದರೆ ಕಚೇರಿಯಲ್ಲಿ ವಾಪಸ್ ಕಳಿಸುತ್ತಾರೆ. ಅದಕ್ಕೆ ನಮ್ಮ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಕರಡನ್ನು ನಿಮಗೆ ಓದಿ ಹೇಳುತ್ತೇವೆ. ಆಗ ಆಧಾರ್ ಕೈಯಲ್ಲಿ ಹಿಡಿದುಕೊಂಡು ಅಕ್ಷರ ಅಕ್ಷರ ಹೊಂದಿಸಿ ನೋಡಿ. ಇನಿಷಿಯಲ್ ಕೂಡ. ಮದುವೆಯ ಮರುವಾರ ಕಚೇರಿಯಲ್ಲಿ ಒಬ್ಬರು ಇದೇ ಕೆಲಸಕ್ಕೆ ಕೂರುತ್ತಾರೆ, ಅರ್ಜಿ ತುಂಬಿಸಿಕೊಡುತ್ತಾರೆ. ಇದಕ್ಕೆ ದುಡ್ಡಿಲ್ಲ. ಹೊಸ ಸೊಸೆ ಜೊತೆಯಲ್ಲಿ ಬರಲಿ, ಸಹಿ ಅವಳದೂ ಬೇಕು. ಪ್ರಮಾಣಪತ್ರದ ಒಂದು ಪ್ರತಿ ಅವಳ ಹತ್ತಿರ ಇರಲಿ.